ಕೈಯಲ್ಲಿ 5 ಲಕ್ಷ ಉಂಟು: ಮನೆ ಸಾಲಕ್ಕೆ ಕಟ್ಟುವುದಾ, ಹೂಡಿಕೆ ಮಾಡುವುದಾ?

ಬದಿಯಡ್ಕದ ಟೀಚರ್: ಸಿಎ ಸರ್, ಮನೆ ಸಾಲ ಇನ್ನೂ 20 ಲಕ್ಷ ಬಾಕಿ. ಬಡ್ಡಿ 8.5, ಫ್ಲೋಟಿಂಗ್. 15 ವರ್ಷ ಉಳಿದಿದೆ, ಇಎಂಐ 19,695. ನಮ್ಮವರು ಗಲ್ಫಿನಿಂದ ವಾಪಸ್ ಬಂದಾಗ 5 ಲಕ್ಷ ಸಿಕ್ಕಿತು. ಪೂರ್ತಿ ಸಾಲಕ್ಕೆ ಕಟ್ಟಲೋ, ಮ್ಯೂಚುವಲ್ ಫಂಡಿಗೆ ಹಾಕಲೋ?

ಸಿಎ, ಕುಂಬಳೆ: ಮೊದಲು ಮೂರು ವಿಷಯ ಹೇಳಿ. ಬೇರೆ ಸಾಲ ಏನಾದರೂ ಉಂಟಾ? ಇಎಂಐ ಬಿಟ್ಟು ತಿಂಗಳ ಮನೆ ಖರ್ಚೆಷ್ಟು? ತೆರಿಗೆ ಹಳೆ ಪದ್ಧತಿಯೋ ಹೊಸದೋ?

ಉಪ್ಪಳ: ಇದರಲ್ಲಿ ಯೋಚಿಸಲು ಏನಿದೆ? ಫಂಡ್ 12 ಕೊಡುತ್ತದೆ, ಸಾಲ 8.5. ಫಂಡಿಗೇ ಹಾಕಿ.

ಪೆರ್ಲದ ಮಾವ: ಸಾಲ ತಲೆ ಮೇಲಿದ್ದರೆ ನಿದ್ದೆ ಬರುವುದಿಲ್ಲ. ಐದೂ ಕಟ್ಟಿಬಿಡಿ ಮಗಳೇ.

ಬದಿಯಡ್ಕದ ಟೀಚರ್: ಸರ್, ತೆರಿಗೆ ಹೊಸ ಪದ್ಧತಿ. ಮನೆ ಖರ್ಚು ಸುಮಾರು 25,000. ಇವರು ಅಂಗಡಿ ಹಾಕಬೇಕೆಂದಿದ್ದಾರೆ, ಸದ್ಯಕ್ಕೆ ನನ್ನ ಸಂಬಳ ಮಾತ್ರ. ಮತ್ತೆ ಚಿನ್ನ ಅಡವಿಟ್ಟು 2 ಲಕ್ಷ ತೆಗೆದದ್ದು ಉಂಟು, ಖಾಸಗಿ ಫೈನಾನ್ಸಿನಲ್ಲಿ. ತಿಂಗಳಿಗೆ ನೂರಕ್ಕೆ ಒಂದೂವರೆ. ಬಡ್ಡಿ ಮಾತ್ರ ಕಟ್ಟುತ್ತಾ ಇದ್ದೇವೆ. ಅದು ಸಣ್ಣದು ಅಂತ ಹೇಳಲಿಲ್ಲ.

ಸಿಎ, ಕುಂಬಳೆ: ಟೀಚರ್, ನಿಮ್ಮ ಮನೆಯಲ್ಲಿ ದೊಡ್ಡ ಸಾಲ ಅದೇ. ನೂರಕ್ಕೆ ಒಂದೂವರೆ ಅಂದರೆ ವರ್ಷಕ್ಕೆ 18. ತಿಂಗಳಿಗೆ 3,000 ಹೋಗುತ್ತಿದೆ, ಅಸಲಿನಲ್ಲಿ ಒಂದು ರೂಪಾಯಿಯೂ ಇಳಿಯುತ್ತಿಲ್ಲ. ಖಂಡಿತ 18 ಕೊಡುತ್ತೇನೆ ಎನ್ನುವ ಹೂಡಿಕೆ ಎಲ್ಲೂ ಇಲ್ಲ. ಮೊದಲು 2 ಲಕ್ಷ ಕಟ್ಟಿ ಚಿನ್ನ ಬಿಡಿಸಿಕೊಳ್ಳಿ.

ಉಳಿದದ್ದು 3 ಲಕ್ಷ. ಇಎಂಐ ಸೇರಿ ನಿಮ್ಮ ತಿಂಗಳ ಖರ್ಚು 45,000 ಹತ್ತಿರ. ಅಂಗಡಿ ಕಾಲೂರುವವರೆಗೆ ನಾಲ್ಕು ತಿಂಗಳ ಖರ್ಚು, ಅಂದರೆ 1.8 ಲಕ್ಷ, ಬ್ಯಾಂಕಿನಲ್ಲಿ ಸಣ್ಣ ಸಣ್ಣ ಎಫ್‌ಡಿ ಮಾಡಿ ಇಡಿ. ಮನೆ ಸಾಲಕ್ಕೆ ಕಟ್ಟಿದ ದುಡ್ಡನ್ನು ಆಸ್ಪತ್ರೆಯ ಖರ್ಚಿಗೆ ವಾಪಸ್ ಕೊಡಿ ಎಂದರೆ ಬ್ಯಾಂಕ್ ಕೊಡುವುದಿಲ್ಲ. ಇದ್ದದ್ದನ್ನೆಲ್ಲ ಮನೆ ಸಾಲಕ್ಕೆ ಸುರಿದು, ಆರೇ ತಿಂಗಳಲ್ಲಿ ಮತ್ತೆ ಚಿನ್ನ ಅಡವಿಟ್ಟವರನ್ನು ನಾನು ನೋಡಿದ್ದೇನೆ.

ಇನ್ನುಳಿದ 1.2 ಲಕ್ಷ ಮನೆ ಸಾಲಕ್ಕೆ ಕಟ್ಟಿ. ಚಿನ್ನದ ಬಡ್ಡಿಗೆ ಹೋಗುತ್ತಿದ್ದ 3,000 ಈಗ ಉಳಿಯುತ್ತದಲ್ಲ, ಅದನ್ನೂ ಪ್ರತಿ ತಿಂಗಳು ಇಎಂಐ ಜೊತೆ ಅಸಲಿಗೆ ಹಾಕಿ. ಬಡ್ಡಿ ದರ ಹೀಗೇ ಇದ್ದರೆ 15 ವರ್ಷದ ಸಾಲ ಸುಮಾರು ಹತ್ತೂವರೆ ವರ್ಷಕ್ಕೆ ಮುಗಿಯುತ್ತದೆ. ನೀವು ಈಗ ಕೊಡುತ್ತಿರುವುದಕ್ಕಿಂತ ತಿಂಗಳಿಗೆ ಒಂದು ರೂಪಾಯಿಯೂ ಜಾಸ್ತಿ ಬೇಡ.

ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವಿನಾಯಿತಿ ಇಲ್ಲ. ಹಾಗಾಗಿ ನೀವು ಕೊಡುವ 8.5 ನಿಜವಾದ 8.5. ಎಫ್‌ಡಿಯಲ್ಲಿ 7 ಸಿಕ್ಕಿದರೂ, ಅದಕ್ಕೆ ತೆರಿಗೆ ಬೀಳದಿದ್ದರೂ, ನಷ್ಟವೇ.

ಮುಳ್ಳೇರಿಯ: ನಮ್ಮ ಸರ್ವಿಸ್ ಸಹಕಾರಿ ಬ್ಯಾಂಕಿನಲ್ಲಿ ಎಫ್‌ಡಿಗೆ ಬಡ್ಡಿ ಜಾಸ್ತಿ. 5 ಲಕ್ಷದವರೆಗೆ ಇನ್ಶೂರೆನ್ಸ್ ಕೂಡ ಉಂಟಲ್ಲ? ಅಲ್ಲಿಟ್ಟರೆ ಆಗದಾ?

ಸಿಎ, ಕುಂಬಳೆ: ಆ 5 ಲಕ್ಷದ ವಿಮೆ ವಾಣಿಜ್ಯ ಬ್ಯಾಂಕಿಗೂ, ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಸಹಕಾರಿ ಬ್ಯಾಂಕಿಗೂ. ಊರೂರಲ್ಲಿರುವ ಸರ್ವಿಸ್ ಸಹಕಾರಿಗಳು ಪ್ರಾಥಮಿಕ ಕೃಷಿ ಸಂಘಗಳು. ಬೋರ್ಡಿನಲ್ಲಿ ಬ್ಯಾಂಕ್ ಅಂತ ಬರೆದಿದ್ದರೂ ಆ ವಿಮೆ ಅವಕ್ಕೆ ಇಲ್ಲ. ಕೇರಳ ಸರಕಾರದ ಠೇವಣಿ ಖಾತ್ರಿ ನಿಧಿ ಬೇರೆಯೇ. ನಿಮ್ಮ ಸಂಘ ಅದರಲ್ಲಿ ಸೇರಿದೆಯಾ ಎಂದು ಕೇಳಿ ನೋಡಿ.

ನೀರ್ಚಾಲು: ಕೆಎಸ್‌ಎಫ್‌ಇ ಚಿಟ್ಟಿ ಹಿಡಿದು ಆ ದುಡ್ಡನ್ನು ಮನೆ ಸಾಲಕ್ಕೆ ಕಟ್ಟಿದರೆ ಲಾಭ ಉಂಟಾ ಸರ್?

ಮಂಜೇಶ್ವರ: ಎಲ್ಲರೂ ಇದನ್ನು ಓದಿ. ವಾಟ್ಸಪ್‌ನಲ್ಲಿ ಬಂದದ್ದು: "ಇಎಂಐಯ ಶೇ. 20ರಷ್ಟು ಎಸ್‌ಐಪಿ ಹಾಕಿ. ನಿಮ್ಮ ಮನೆ ಸಾಲ ಬಡ್ಡಿ ಇಲ್ಲದ ಸಾಲ ಆಗುತ್ತದೆ. ಬ್ಯಾಂಕಿನವರು ಈ ಗುಟ್ಟು ಹೇಳುವುದಿಲ್ಲ."

ಸಿಎ, ಕುಂಬಳೆ: ಈ ಮೆಸೇಜ್ ಈ ವಾರ ಮೂರನೇ ಸಲ. ಟೀಚರ್ ಲೆಕ್ಕದಲ್ಲೇ ನೋಡಿ. ತಿಂಗಳಿಗೆ 3,939 ಎಸ್‌ಐಪಿ ಹಾಕಿದರೆ 15 ವರ್ಷದಲ್ಲಿ ಅವರ ಕೈಯಿಂದ ಹೋಗುವುದೇ 7 ಲಕ್ಷಕ್ಕೂ ಮೇಲೆ. ಅದನ್ನು ಮೆಸೇಜ್ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹದಿನೈದೂ ವರ್ಷ 12 ಬರುತ್ತದೆ ಎಂದುಕೊಂಡಿದೆ. ಕೊನೆಯ ತೆರಿಗೆಯ ಮಾತೇ ಇಲ್ಲ. ಅದೇ 3,939 ಪ್ರತಿ ತಿಂಗಳು ಸಾಲಕ್ಕೆ ಕಟ್ಟಿದರೆ ಸಾಲ 11 ವರ್ಷದೊಳಗೆ ಮುಗಿಯುತ್ತದೆ, ಅದನ್ನೂ ಹೇಳುವುದಿಲ್ಲ. ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ.

ಉಪ್ಪಳ: ಸರ್, ಹಾಗಾದರೆ ಫಂಡ್ ಹಾಕುವವರೆಲ್ಲ ದಡ್ಡರಾ?

ಸಿಎ, ಕುಂಬಳೆ: ಹಾಗೆ ನಾನು ಹೇಳಲಿಲ್ಲ. ಬೇರೆ ಸಾಲ ಇಲ್ಲ, ಆರು ತಿಂಗಳ ಖರ್ಚು ಕೈಯಲ್ಲುಂಟು, ಹಳೆ ಪದ್ಧತಿಯಲ್ಲಿ ಬಡ್ಡಿಗೆ 2 ಲಕ್ಷದವರೆಗೆ ವಿನಾಯಿತಿ ಸಿಗುತ್ತಿದೆ. ಅಂಥವರಿಗೆ ದೀರ್ಘಕಾಲಕ್ಕೆ ಫಂಡ್ ಮೇಲಾಗಬಹುದು. ನಿಮ್ಮದು ಹಾಗಿದ್ದರೆ ಹಾಕಿ. ಟೀಚರದ್ದು ಹಾಗಿಲ್ಲ.

ಪೆರ್ಲದ ಮಾವ: ಮಾರ್ಕೆಟ್ ಬಿದ್ದ ದಿನ ಇಎಂಐ ಯಾರು ಕಟ್ಟುತ್ತಾರೆ? ನೀನು ಕಟ್ಟುತ್ತೀಯಾ?

ಉಪ್ಪಳ: ಅಡಿಕೆ ರೇಟ್ ಬೀಳುವುದಿಲ್ವಾ ಮಾವ? ತೋಟ ಮಾರಿಬಿಟ್ಟಿರಾ?

ಪೆರ್ಲದ ಮಾವ: ತೋಟದ ಸುದ್ದಿ ತೆಗೆಯಬೇಡ. ನಾಲ್ಕು ವರ್ಷ ಕೆಲಸ ಮಾಡಿದವನು ನಮಗೆ ಲೆಕ್ಕ ಕಲಿಸುವುದು ಬೇಡ.

ಉಪ್ಪಳ: ವಯಸ್ಸಾದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ.

ಗುಂಪಿನ ಅಡ್ಮಿನ್: ಇಬ್ಬರೂ ಸಾಕು ಮಾಡಿ.

ವರ್ಕಾಡಿ: ಮುಂಚಿತ ಕಟ್ಟಿದರೆ ಬ್ಯಾಂಕ್ ದಂಡ ಹಾಕುವುದಿಲ್ಲವೇ?

ಸಿಎ, ಕುಂಬಳೆ: ಫ್ಲೋಟಿಂಗ್ ದರದ ಮನೆ ಸಾಲ, ವ್ಯಕ್ತಿಯ ಹೆಸರಲ್ಲಿ ಇದ್ದರೆ ದಂಡ ಇಲ್ಲ.

ಕುಂಜತ್ತೂರು: ನಾನು ಮುಂಚಿತ ಕಟ್ಟಿದರೆ ದಂಡ ಉಂಟಾ ಸರ್? ನನ್ನ ಬಡ್ಡಿ 9.6.

ಸಿಎ, ಕುಂಬಳೆ: ದಂಡದ್ದು ಮೇಲೆ ಬರೆದಿದ್ದೇನೆ. 9.6 ಜಾಸ್ತಿಯಾಯಿತು. 2019ರ ಅಕ್ಟೋಬರ್‌ಗಿಂತ ಹಿಂದಿನ ಬ್ಯಾಂಕ್ ಸಾಲವಾದರೆ ರೆಪೋ ದರಕ್ಕೆ ಜೋಡಿಸಿಕೊಡಿ ಎಂದು ಕೇಳಿ. ಕಟ್ಟುವ ಮೊದಲು ಅದನ್ನು ಮಾಡಿ.

ಬದಿಯಡ್ಕದ ಟೀಚರ್: ಸರ್, 1.2 ಲಕ್ಷ ಆ್ಯಪ್‌ನಲ್ಲೇ ಸಾಲದ ಖಾತೆಗೆ ಹಾಕಿಬಿಡಲಾ?

ಸಿಎ, ಕುಂಬಳೆ: ಸುಮ್ನೆ ಹಾಕಿಬಿಡಬೇಡಿ. ಕೆಲವು ಕಡೆ ಅದನ್ನು ಮುಂದಿನ ಇಎಂಐಗಳ ಅಡ್ವಾನ್ಸ್ ಎಂದು ಇಟ್ಟುಕೊಳ್ಳುತ್ತಾರೆ, ಅಸಲು ಇಳಿಯುವುದೇ ಇಲ್ಲ. ಇನ್ನು ಕೆಲವರು ಅವಧಿ ಹಾಗೇ ಇಟ್ಟು ಇಎಂಐ ಇಳಿಸುತ್ತಾರೆ. ಹಾಗಾದರೆ ಸಾಲ 15 ವರ್ಷವೂ ಎಳೆಯುತ್ತದೆ. ಬ್ರಾಂಚಿಗೆ ಹೋಗಿ ಬರೆದುಕೊಡಿ: "ಈ ಮೊತ್ತ ಅಸಲಿಗೆ ಜಮಾ ಮಾಡಿ. ಇಎಂಐ ಹಾಗೇ ಇರಲಿ, ಅವಧಿ ಕಡಿಮೆ ಮಾಡಿ." ಪ್ರತಿ ತಿಂಗಳ 3,000ಕ್ಕೂ ಇದೇ ಎಂದು ಸೇರಿಸಿ. ನಕಲಿಗೆ ಸೀಲ್ ಹಾಕಿಸಿಕೊಳ್ಳಿ.

ಮುಂದಿನ ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಬಡ್ಡಿಯ ಸಾಲು ನೋಡಿ. ಈಗ ಇಎಂಐಯಲ್ಲಿ ಬಡ್ಡಿಯೇ 14,100 ಚಿಲ್ಲರೆ ಇರುತ್ತದೆ. ದುಡ್ಡು ಅಸಲಿಗೆ ಹೋಗಿದ್ದರೆ ಪೂರ್ತಿ ತಿಂಗಳ ಬಡ್ಡಿ 13,300 ಹತ್ತಿರಕ್ಕೆ ಇಳಿಯಬೇಕು. ಇಳಿಯದಿದ್ದರೆ ಅದೇ ದಿನ ಬ್ರಾಂಚಿಗೆ ಹೋಗಿ.

ಬದಿಯಡ್ಕದ ಟೀಚರ್: ಆಯ್ತು ಸರ್. ನಾಳೆ ಮೊದಲು ಚಿನ್ನ ಬಿಡಿಸುತ್ತೇವೆ.

ಮಂಜೇಶ್ವರ: ಆದರೂ ಸರ್, ಶೇ. 20 ಬದಲು ಶೇ. 10 ಎಸ್‌ಐಪಿ ಹಾಕಿದರೆ?

ಸಿಎ, ಕುಂಬಳೆ: ಮೇಲಿನ ಉತ್ತರ ಪೂರ್ತಿ ಓದಿ. ಇವತ್ತಿಗೆ ಇಷ್ಟೇ.

ನೀರ್ಚಾಲು: ನನ್ನ ಚಿಟ್ಟಿ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.