ಪದಚರ್ಚೆ: ರೋಗಿಗಾಗಿ ಇಳಿದ ವಿಮಾನದ್ದು ‘ತುರ್ತು ಭೂಸ್ಪರ್ಶ’ವೇ?

ಮಾನ್ಯರೇ,

ನಾನು ದಿನಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವವನು. ವಿಮಾನದಲ್ಲಿ ಯಾರಾದರೂ ಅಸ್ವಸ್ಥರಾದರೆ ನಮ್ಮ ಶೀರ್ಷಿಕೆ ಸಿದ್ಧವಾಗಿಯೇ ಇರುತ್ತದೆ: ‘ವಿಮಾನ ತುರ್ತು ಭೂಸ್ಪರ್ಶ’. 2023ರ ಆಗಸ್ಟ್ 27ರಂದು ಬೆಂಗಳೂರಿನಿಂದ ದೆಹಲಿಗೆ ಹೊರಟಿದ್ದ ವಿಸ್ತಾರಾ ವಿಮಾನವನ್ನು ನೆನಪಿಸಿಕೊಳ್ಳಿ. ಹೃದಯದ ಶಸ್ತ್ರಚಿಕಿತ್ಸೆಯಾಗಿದ್ದ ಪುಟ್ಟ ಮಗುವೊಂದರ ಉಸಿರು ನಿಂತಿತು, ತುಟಿ ನೀಲಿಯಾಯಿತು. ಅದೇ ವಿಮಾನದಲ್ಲಿದ್ದ ದೆಹಲಿಯ ಏಮ್ಸ್‌ನ ವೈದ್ಯರು ಎದೆ ಒತ್ತಿ ನಾಡಿ ಮರಳಿಸಿದರು. ಹೃದಯ ಮತ್ತೊಮ್ಮೆ ನಿಂತಾಗ ವಿಮಾನದಲ್ಲಿದ್ದ ಶಾಕ್ ಕೊಡುವ ಯಂತ್ರವನ್ನು ಬಳಸಿದರು. ಮುಕ್ಕಾಲು ಗಂಟೆಯ ಹೋರಾಟದ ನಂತರ ನಾಗಪುರದಲ್ಲಿ ಮಗುವನ್ನು ಮಕ್ಕಳ ವೈದ್ಯರಿಗೆ ಒಪ್ಪಿಸಿದರು. ಕೆಲವು ದಿನಗಳ ಬಳಿಕ ಮಗು ಅಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡಿತು.

ಇಲ್ಲಿ ತುರ್ತು ಇದ್ದದ್ದು ಮಗುವಿಗೆ. ವಿಮಾನಕ್ಕೆ ಏನೂ ಆಗಿರಲಿಲ್ಲ. ‘ತುರ್ತು ಭೂಸ್ಪರ್ಶ’ ಎಂದು ಓದಿದವರ ಕಣ್ಣಿಗೆ ಕಟ್ಟುವುದು ಹೊಗೆ ಮತ್ತು ಮುರಿದ ಚಕ್ರ. ಬೇರೆ ಪದವಿದೆಯೇ?

(ಮೈಸೂರಿನಿಂದ ಬಂದ ಉತ್ತರ)

ಪೈಲಟ್‌ಗಳೇ ಈ ಭೇದವನ್ನು ಮಾಡುತ್ತಾರೆ. ವಿಮಾನಕ್ಕೇ ಅಪಾಯವಾದರೆ ರೇಡಿಯೋದಲ್ಲಿ ‘ಮೇಡೇ’ ಎಂದು ಕರೆ ಕೊಡುತ್ತಾರೆ, ರೋಗಿಯಿದ್ದರೆ ‘ಪ್ಯಾನ್ ಪ್ಯಾನ್ ಮೆಡಿಕಲ್’ ಎಂದು. ಪ್ಯಾನ್ ಎಂಬುದು ಯಾವುದೋ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳಂತೆ. ಎರಡನೆಯದಕ್ಕೆ ‘ಆರೋಗ್ಯ ಭೂಸ್ಪರ್ಶ’ ಎನ್ನಬಹುದು.

(ಬೆಂಗಳೂರಿನಿಂದ, ನಿವೃತ್ತ ವಿಮಾನ ಸಂಚಾರ ನಿಯಂತ್ರಕರು)

ಮೈಸೂರಿನವರ ಮಾತು ಅರ್ಧ ಸರಿ. ಎರಡು ಕರೆಗಳ ಭೇದ ನಿಜ. ಆದರೆ ‘ಪ್ಯಾನ್’ ಫ್ರೆಂಚ್ ಭಾಷೆಯ ‘ಪಾನ್’, ಅಂದರೆ ಕೆಟ್ಟುನಿಲ್ಲುವುದು. ‘ಮೇಡೇ’ ಕೂಡ ‘ನನಗೆ ನೆರವಾಗಿ’ ಎಂಬ ಫ್ರೆಂಚ್ ಮಾತಿನಿಂದಲೇ ಬಂದದ್ದು. ಇನ್ನು ‘ಮೆಡಿಕಲ್’ ಸೇರಿಸಿದ ಕರೆ ಜಿನೀವಾ ಒಪ್ಪಂದಗಳ ರಕ್ಷಣೆಯಿರುವ ವೈದ್ಯಕೀಯ ಸಾಗಣೆಗೆ ಮೀಸಲು. ಪ್ರಯಾಣಿಕ ಅಸ್ವಸ್ಥನಾದರೆ ಮೂರು ಸಲ ‘ಪ್ಯಾನ್ ಪ್ಯಾನ್’ ಎಂದು, ಬಳಿಕ ವಿಷಯ ಹೇಳಬೇಕು. ಪೈಲಟ್‌ಗಳೂ ಇಲ್ಲಿ ತಪ್ಪುವುದುಂಟು. ನಾವು ತಿದ್ದುತ್ತಾ ಕೂರುತ್ತಿರಲಿಲ್ಲ.

ಆ ಕರೆ ಬಂದ ಮೇಲೆ ಉಳಿದವರನ್ನು ತಡೆದು ಆ ವಿಮಾನವನ್ನು ಮುಂದೆ ಬಿಡುತ್ತೇವೆ. ರೋಗಿಯ ವಯಸ್ಸು, ಪ್ರಜ್ಞೆಯಿದೆಯೇ, ಉಸಿರಿದೆಯೇ ಎಂದು ಕೇಳಿ ನಿಲ್ದಾಣದ ವೈದ್ಯರಿಗೆ ತಿಳಿಸುತ್ತೇವೆ. ಆಂಬುಲೆನ್ಸ್ ವಿಮಾನ ನಿಲ್ಲುವ ಜಾಗಕ್ಕೇ ಬರುತ್ತದೆ. ಇಳಿಯುವ ಕ್ರಿಯೆ ಮಾತ್ರ ದಿನನಿತ್ಯದ್ದೇ. ಒಂದು ಅಪವಾದವಿದೆ. ದೂರದೇಶಕ್ಕೆ ಹೊರಟ ವಿಮಾನ ಏರಿದ ಕೂಡಲೇ ಮರಳಿದರೆ ಇಂಧನದ ಭಾರ ಇಳಿಯುವ ಮಿತಿಯನ್ನು ಮೀರಿರುತ್ತದೆ. ಇಂಧನ ಚೆಲ್ಲಲು ಹೊತ್ತಿಲ್ಲದಿದ್ದರೆ ಆ ಭಾರದಲ್ಲೇ ಇಳಿಯಬೇಕು, ಆಮೇಲೆ ತಂತ್ರಜ್ಞರು ಚಕ್ರ, ರೆಕ್ಕೆ ಎಲ್ಲವನ್ನೂ ಪರೀಕ್ಷಿಸಬೇಕು. ಅದನ್ನು ತುರ್ತು ಎಂದರೆ ನನ್ನ ತಕರಾರಿಲ್ಲ.

(ಹುಬ್ಬಳ್ಳಿಯಿಂದ)

ಪದ ಏನೇ ಇರಲಿ, ನಮ್ಮ ಗತಿ ಕೇಳುವವರು ಯಾರು? ಹೋದ ವರ್ಷ ನಮ್ಮ ವಿಮಾನದಲ್ಲಿ ಒಬ್ಬ ಹಿರಿಯರಿಗೆ ಎದೆನೋವು ಬಂದು ನಡುದಾರಿಯಲ್ಲಿ ಇಳಿಸಿದರು. ಹತ್ತು ನಿಮಿಷದಲ್ಲಿ ಅವರನ್ನು ಕರೆದೊಯ್ದರೂ ನಾವು ಎರಡು ಗಂಟೆ ಒಳಗೇ ಕುಳಿತೆವು. ಇದಕ್ಕೆ ‘ತುರ್ತು’ ಎನ್ನುವುದೇ ತಮಾಷೆ.

(ಮಂಗಳೂರಿನಿಂದ, ಹಿಂದೆ ವಿಮಾನ ಪರಿಚಾರಕಿಯಾಗಿದ್ದವರು)

ಹುಬ್ಬಳ್ಳಿಯ ಅಣ್ಣನವರೇ, ಇಳಿದುಹೋದವರ ಮತ್ತು ಅವರ ಜೊತೆಯವರ ಚೀಲಗಳನ್ನು ಸರಕಿನ ಗೂಡಿನಿಂದ ಹುಡುಕಿ ತೆಗೆಯದೆ ವಿಮಾನ ಹೊರಡುವಂತಿಲ್ಲ. ಜೊತೆಗೆ ಇಂಧನ ತುಂಬಬೇಕು, ಸಿಬ್ಬಂದಿಯ ದುಡಿಮೆಯ ಅವಧಿಯನ್ನೂ ಲೆಕ್ಕ ಹಾಕಬೇಕು.

ಪತ್ರಿಕೆಯವರಿಗೆ ಇನ್ನೊಂದು ಮಾತು: ‘ಆಗಸದಲ್ಲೇ ಸಾವು’ ಎಂದು ಅವಸರದಿಂದ ಬರೆಯಬೇಡಿ. ಸಾವನ್ನು ಘೋಷಿಸುವುದು ವೈದ್ಯರ ಕೆಲಸ. ನಾವು ಎದೆ ಒತ್ತುತ್ತಲೇ ಇರುತ್ತೇವೆ. ಅರ್ಧ ಗಂಟೆ ಕಳೆದರೂ ಜೀವದ ಲಕ್ಷಣವಿಲ್ಲದೆ, ಯಂತ್ರವೂ ಶಾಕ್ ಬೇಡವೆನ್ನುತ್ತಿದ್ದರೆ ಮಾತ್ರ ನಿಲ್ಲಿಸಬಹುದು. ಆಗಲೂ ನಮ್ಮ ವರದಿಯಲ್ಲಿ ‘ಮೃತಪಟ್ಟಿರಬಹುದು’ ಎಂದಿರುತ್ತದೆ. ನಿಮ್ಮ ಇನ್ನೊಂದು ಕಣ್ತಪ್ಪು, ಎದೆ ಹಿಡಿದುಕೊಂಡು ಮಾತನಾಡುತ್ತಿರುವವರಿಗೂ ‘ಹೃದಯ ಸ್ತಂಭನ’ ಎನ್ನುವುದು. ಹೃದಯ ಸ್ತಂಭಿಸಿದವರು ಮಾತನಾಡುವುದಿಲ್ಲ.

(ಪ್ರಶ್ನೆ ಕೇಳಿದವರಿಂದ)

ಎಲ್ಲರಿಗೂ ವಂದನೆ. ‘ಆರೋಗ್ಯ ಭೂಸ್ಪರ್ಶ’ ನನ್ನ ಕಿವಿಗೆ ಒಗ್ಗಲಿಲ್ಲ, ಆಯುರ್ವೇದದ ಚಿಕಿತ್ಸೆಯಂತೆ ಕೇಳಿಸುತ್ತದೆ. ‘ಮಗು ಅಸ್ವಸ್ಥ: ನಾಗಪುರದಲ್ಲಿ ಇಳಿದ ದೆಹಲಿ ವಿಮಾನ’ ಎಂದು ಬರೆದು ತೋರಿಸಿದೆ. ಅರ್ಥ ಸರಿಯಿದೆ, ಆದರೆ ಬಿಸಿ ಇಲ್ಲ ಎಂದರು ನಮ್ಮ ಮುಖ್ಯಸ್ಥರು. ಎರಡು ಅಂಕಣದಲ್ಲಿ ಹಿಡಿಸುವ, ಸುಳ್ಳಲ್ಲದ ಪದ ಹೊಳೆದವರು ಬರೆಯಿರಿ.