ಸಹಾಯ ಬೇಕು: ಸವಳು ನೀರಲ್ಲಿ ಸಾಬೂನು ಗಂಟಾಗುತ್ತೆ, ಮಾರ್ಜಕ ಯಾಕೆ ಆಗಲ್ಲ?

ನಮಸ್ಕಾರ ರೀ. ನಾನು ಕೊಪ್ಪಳದ ಹತ್ತಿರದ ಹಳ್ಳಿಯವಳು, ಹತ್ತನೇ ಕ್ಲಾಸ್. ರಸಾಯನಶಾಸ್ತ್ರದ ಅಸೈನ್‌ಮೆಂಟ್ ಸೋಮವಾರ ಕೊಡಬೇಕು, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೀನಿ.

ನಮ್ಮನೆ ಬೋರ್ ನೀರು ಸವಳು. ಎರಡು ಗಾಜಿನ ಬಾಟಲಿಗೆ ಅದೇ ನೀರು ಅರ್ಧರ್ಧ ಲೋಟ ಹಾಕಿದೆ. ಒಂದಕ್ಕೆ ಬಟ್ಟೆ ಸೋಪಿನ ತುರಿ, ಇನ್ನೊಂದಕ್ಕೆ ಡಿಟರ್ಜೆಂಟ್ ಪುಡಿ, ಒಂದೊಂದು ಚಿಟಿಕೆ. ಚೆನ್ನಾಗಿ ಅಲ್ಲಾಡಿಸಿದೆ. ಸೋಪಿನ ಬಾಟಲಿಯಲ್ಲಿ ನೊರೆ ಬರಲೇ ಇಲ್ಲ, ಮೊಸರು ಒಡೆದಂಗೆ ಬಿಳಿ ಚೂರು ತೇಲಿ ಗಾಜಿಗೆ ಅಂಟಿಕೊಂಡವು. ಅವ್ವನ ಬಕೆಟ್ ಅಂಚಿಗೆ ಕೂರೋ ಜಿಡ್ಡೂ ಇದೇ. ಪುಡಿಯ ಬಾಟಲಿ ತುಂಬ ನೊರೆ. ಹಿಡಿದಿಟ್ಟ ಮಳೆ ನೀರಲ್ಲಿ ನೋಡಿದರೆ ಅದೇ ಸೋಪು ಚೆನ್ನಾಗಿ ನೊರೆ ಕೊಟ್ಟಿತು.

ಮಿಸೆಲ್ ಅರ್ಥವಾಗಿದೆ: ಸೋಪಿನ ಅಣುಗಳು ಗುಂಪಾಗಿ ಸೇರಿದಾಗ ಅವುಗಳ ಉದ್ದನೆ ಬಾಲಗಳು ಎಣ್ಣೆ ಕೊಳೆಯನ್ನು ಒಳಗೆ ಹಿಡಿಯುತ್ತವೆ, ಋಣ ಆವೇಶದ ತಲೆಗಳು ಹೊರಗೆ ನೀರಿನ ಕಡೆ ಇರುತ್ತವೆ. ಸವಳು ಅಂದರೆ ಗಡಸು ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಷಿಯಂ ಅಯಾನುಗಳು ಸೋಪಿನ ತಲೆ ಹಿಡಿದುಕೊಂಡು ಕರಗದ ಲವಣ ಆಗುತ್ತೆ, ಮಿಸೆಲ್ ಕಟ್ಟೋಕೆ ಸೋಪೇ ಉಳಿಯಲ್ಲ. ಇಲ್ಲಿವರೆಗೂ ಸರಿ.

ತೊಡಕು ಇಲ್ಲಿದೆ. ಸೋಪಿನ ತಲೆ –COO⁻, ಮಾರ್ಜಕದ್ದು –SO₃⁻. ಎರಡೂ ಋಣವೇ. ಪುಸ್ತಕದಲ್ಲಿ "ಮಾರ್ಜಕ ಗಡಸು ನೀರಲ್ಲೂ ಕೆಲಸ ಮಾಡುತ್ತದೆ" ಅಂತಷ್ಟೇ ಇದೆ. ಸರ್ ಅವರನ್ನ ಕೇಳಿದೆ, "ಕಲ್ಮಶ ಆಗಲ್ಲ, ಅಷ್ಟೇ ಬರಿ" ಅಂದರು.

ನನ್ನ ಪ್ರಶ್ನೆ ಇಷ್ಟೇ: ಕ್ಯಾಲ್ಸಿಯಂ ಮಾರ್ಜಕದ ತಲೆಗೆ ಸೇರೋದೇ ಇಲ್ವಾ, ಇಲ್ಲಾ ಸೇರಿದರೂ ಆ ಲವಣ ನೀರಲ್ಲಿ ಕರಗಿಯೇ ಇರುತ್ತಾ? ಯಾವುದು ಸರಿ, ಯಾಕೆ ಅಂತ ತಿಳಿದವರು ಹೇಳ್ರಿ.