ಪದಚರ್ಚೆ: ಡಿಎನ್‌ಎ ನಕಲಿನಲ್ಲಿ ‘ಅರೆ’ ಅಂದರೆ ಯಾವುದರ ಅರ್ಧ?

ಹೊನ್ನಾವರದಿಂದ

ಎಲ್ಲರಿಗೂ ನಮಸ್ಕಾರ.

ದ್ವಿತೀಯ ಪಿಯು ಮಕ್ಕಳಿಗೆ ಜೀವಶಾಸ್ತ್ರದ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೆಸೆಲ್ಸನ್ ಮತ್ತು ಸ್ಟಾಲ್ 1958ರಲ್ಲಿ ಪ್ರಕಟಿಸಿದ ಭಾರ ನೈಟ್ರೋಜನ್ ಪ್ರಯೋಗದ ಹತ್ತಿರ ಬಂದು ನಿಂತಿದ್ದೇನೆ. ಬ್ಯಾಕ್ಟೀರಿಯಾವನ್ನು ಮೊದಲು ಭಾರ ನೈಟ್ರೋಜನ್-15ರಲ್ಲಿ ಬೆಳೆಸಿ, ಆಮೇಲೆ ಸಾಮಾನ್ಯ, ಅಂದರೆ ಹಗುರ ನೈಟ್ರೋಜನ್ ಕೊಟ್ಟು, ಅದರ ಡಿಎನ್‌ಎಯನ್ನು ಯಂತ್ರದಲ್ಲಿ ತಿರುಗಿಸಿ ಸಾಂದ್ರತೆಗೆ ತಕ್ಕ ಜಾಗದಲ್ಲಿ ಪಟ್ಟಿಯಾಗಿ ನಿಲ್ಲುವುದನ್ನು ನೋಡಿದ ಪ್ರಯೋಗ ಅದು. ಡಿಎನ್‌ಎ ನಕಲಾಗುವ ರೀತಿಗೆ ‘ಅರೆಸಂರಕ್ಷಿತ’ ಎಂದು ಬರೆದುಕೊಂಡಿದ್ದೆ. ತರಗತಿಯಲ್ಲಿ ಆ ಪದ ಹೇಳಿ, ಒಂದು ತಲೆಮಾರಿನ ನಂತರ ಪಟ್ಟಿಗಳು ಹೇಗೆ ಕಾಣುತ್ತವೆ, ಚಿತ್ರ ಬಿಡಿಸಿ ಅಂದೆ. ತುಂಬಾ ಮಕ್ಕಳು ಎರಡು ಪಟ್ಟಿ ಬಿಡಿಸಿದರು, ಕೆಳಗೊಂದು ಭಾರದ್ದು, ಮೇಲೊಂದು ಹಗುರದ್ದು. ಕೇಳಿದರೆ, “ಅರ್ಧ ಹಳೆಯದು ಉಳಿಯುತ್ತದೆ ಅಲ್ವಾ ಮೇಡಂ, ಅದಕ್ಕೇ ಅರ್ಧ ಭಾರ, ಅರ್ಧ ಹಗುರ” ಅಂದರು.

ಪದವನ್ನು ಓದಿದ ಹಾಗೆಯೇ ಅವರು ಚಿತ್ರ ಬಿಡಿಸಿದ್ದಾರೆ. ‘ಅರೆ’ ಅನ್ನುವುದು ಯಾವುದರ ಅರ್ಧ ಎಂದು ಪದದಲ್ಲೇ ಗೊತ್ತಾಗುವಂತೆ ಹೇಳಲು ಸಾಧ್ಯವೇ? ಜೊತೆಗೆ, ಎರಡರ ನಡುವೆ ನಿಲ್ಲುವ ಪಟ್ಟಿಗೆ ಏನನ್ನುತ್ತೀರಿ? ‘ಪಟ್ಟಿ’ ಸರಿಯೋ, ‘ಗೆರೆ’ ಸರಿಯೋ?

ಅಂಕೋಲಾದಿಂದ

ಮೇಡಂ, ಪದ ಬದಲಿಸುವುದು ಬೇಡ, ವಿವರಣೆ ಸೇರಿಸಿದರೆ ಸಾಕು. ಒಂದು ತಲೆಮಾರಿನ ನಂತರ ಎಲ್ಲವೂ ನಡುವಿನ ಪಟ್ಟಿ. ಎರಡನೆಯದರಲ್ಲಿ ಅರ್ಧ ನಡುವಿನದು, ಅರ್ಧ ಹಗುರ. ಮೂರನೆಯದರ ಹೊತ್ತಿಗೆ ನಡುವಿನದು ಹೋಗಿ ಎಲ್ಲ ಹಗುರವಾಗುತ್ತದೆ. ಇದನ್ನು ಬಾಯಿಪಾಠ ಮಾಡಿಸಿ.

ಇನ್ನೊಂದು ಮಾತು. ನೈಟ್ರೋಜನ್-15 ವಿಕಿರಣ ಸೂಸುವ ಪರಮಾಣು. ಹಾಗಾಗಿ ‘ಸಾಂದ್ರತೆ ಗುರುತು’ ಅನ್ನುವುದಕ್ಕಿಂತ ‘ವಿಕಿರಣ ಗುರುತು’ ಎಂದು ಬರೆದರೆ ಒಳ್ಳೆಯದು.

ಕಾರವಾರದಿಂದ

ಅಂಕೋಲಾದ ಸರ್ ಹೇಳಿದ ಮೊದಲ ಎರಡು ತಲೆಮಾರು ಸರಿಯಾಗಿದೆ. ಉಳಿದ ಎರಡು ಮಾತನ್ನು ಟಿಪ್ಪಣಿಗೆ ಸೇರಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ.

ನೈಟ್ರೋಜನ್-15 ವಿಕಿರಣ ಸೂಸುವುದಿಲ್ಲ. ಅದರಲ್ಲಿ ಒಂದು ನ್ಯೂಟ್ರಾನ್ ಜಾಸ್ತಿ ಇದೆ, ಅಷ್ಟೇ. ನಾವು ಉಸಿರಾಡುವ ಗಾಳಿಯ ನೈಟ್ರೋಜನ್‌ನಲ್ಲೂ ಸಾವಿರಕ್ಕೆ ಸುಮಾರು ನಾಲ್ಕು ಪರಮಾಣು ಇದೇ ಬಗೆಯವು. ಅದೇ ಹೊತ್ತಿಗೆ ವಿಕಿರಣದ ಗುರುತು ಬಳಸಿದ ಪ್ರಯೋಗವೂ ಒಂದಿದೆ. 1957ರಲ್ಲಿ ಟೇಲರ್ ಮತ್ತು ಜೊತೆಗಾರರು ಒಂದು ಜಾತಿಯ ಅವರೆಗಿಡದ ಬೇರಿನ ತುದಿಗೆ ಟ್ರಿಟಿಯಂ ಸೇರಿಸಿದ ಥೈಮಿಡಿನ್ ಕೊಟ್ಟು ಕ್ರೋಮೋಸೋಮುಗಳನ್ನು ನೋಡಿದರು. ಅಲ್ಲಿ ವಿಕಿರಣ ಫಿಲಂ ಮೇಲೆ ಚುಕ್ಕಿ ಮೂಡಿಸುತ್ತದೆ. ಇಲ್ಲಿ ಗುರುತು ಹಿಡಿಯುವುದು ಸಾಂದ್ರತೆಯಿಂದ ಮಾತ್ರ. ಆದ್ದರಿಂದ ‘ಸಾಂದ್ರತೆ ಗುರುತು’ ಎಂಬ ಪದವನ್ನು ಬಿಡಬೇಡಿ.

ಅದು ಎಷ್ಟು ಸಣ್ಣ ವ್ಯತ್ಯಾಸ ಎಂದು ಮಕ್ಕಳಿಗೆ ಹೇಳಿ. ಸಾಮಾನ್ಯ ನೈಟ್ರೋಜನ್‌ನಲ್ಲಿ ಬೆಳೆದ ಈ ಬ್ಯಾಕ್ಟೀರಿಯಾದ ಡಿಎನ್‌ಎ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.710 ಗ್ರಾಂ, ಭಾರದ್ದರಲ್ಲಿ ಬೆಳೆದದ್ದು ಸುಮಾರು 1.724. ಸೀಸಿಯಂ ಕ್ಲೋರೈಡ್ ದ್ರಾವಣವನ್ನು ನಿಮಿಷಕ್ಕೆ 44,770 ಸುತ್ತಿನಂತೆ 20 ಗಂಟೆ ತಿರುಗಿಸಿದಾಗ ಉಪ್ಪು ತಾನಾಗಿ ಹರಡಿಕೊಂಡು, ಹೊರ ಅಂಚಿನ ಕಡೆ ಸಾಂದ್ರತೆ ಜಾಸ್ತಿಯಾಗುತ್ತಾ ಹೋಗುತ್ತದೆ. ಡಿಎನ್‌ಎ ತುಣುಕು ತನ್ನಷ್ಟೇ ಸಾಂದ್ರತೆ ಇರುವ ಜಾಗಕ್ಕೆ ಬಂದು ಅಲ್ಲೇ ನಿಲ್ಲುತ್ತದೆ. ಉದ್ದದ ತುಣುಕು ತೂಕದಲ್ಲಿ ಜಾಸ್ತಿ ಇದ್ದರೂ ಇನ್ನೂ ಕೆಳಗೆ ಹೋಗುವುದಿಲ್ಲ. ‘ಭಾರದ ಪಟ್ಟಿ’ ಎಂದು ನಾವೆಲ್ಲ ಹೇಳುತ್ತೇವೆ, ಹೇಳಲಿ ಬಿಡಿ, ಆದರೆ ಅಲ್ಲಿ ತೂಕ ನೋಡುತ್ತಿಲ್ಲ ಎಂದು ಒಂದು ಸಾಲು ಬರೆಯಿರಿ.

‘ಗೆರೆ’ ಬೇಡ, ‘ಪಟ್ಟಿ’ ಇರಲಿ. ಪಟ್ಟಿಗೆ ಅಗಲ ಇದೆ, ಆ ಅಗಲಕ್ಕೂ ಅರ್ಥ ಇದೆ. ತುಣುಕು ಚಿಕ್ಕದಾದಷ್ಟೂ ಅದು ಜಾಸ್ತಿ ಅಲೆದಾಡುತ್ತದೆ, ಪಟ್ಟಿ ಅಗಲವಾಗುತ್ತದೆ. ಪುಸ್ತಕಗಳಲ್ಲಿ ಪ್ರನಾಳದ ಚಿತ್ರ ಬಿಡಿಸುತ್ತಾರೆ, ಆದರೆ ಅವರು ನೋಡಿದ್ದು ಪ್ರನಾಳವನ್ನಲ್ಲ. ತಿರುಗುತ್ತಿರುವ ಯಂತ್ರದೊಳಗಿನ ಒಂದು ಪುಟ್ಟ ಕೋಶಕ್ಕೆ ನೇರಳಾತೀತ ಬೆಳಕು ಹಾಯಿಸಿ ಫೋಟೋ ತೆಗೆದರು. ಡಿಎನ್‌ಎ ಆ ಬೆಳಕನ್ನು ಹೀರುತ್ತದೆ, ಅದು ಇರುವ ಕಡೆ ಪಟ್ಟಿ ಕಪ್ಪಾಗಿ ಕಾಣುತ್ತದೆ.

ಇನ್ನು ನಿಮ್ಮ ಮೂಲ ಪ್ರಶ್ನೆ. ಅರ್ಧ ಅನ್ನುವುದು ಪ್ರತಿಯೊಂದು ಅಣುವಿನ ಅರ್ಧ. ಒಟ್ಟು ಅಣುಗಳಲ್ಲಿ ಅರ್ಧ ಅಲ್ಲ. ನಿಮ್ಮ ಮಕ್ಕಳು ಬಿಡಿಸಿದ ಎರಡು ಪಟ್ಟಿ ಪೂರ್ತಿ ಸಂರಕ್ಷಣೆಯ ಚಿತ್ರ. ಹಳೆಯ ಜೋಡಿ ಹಾಗೇ ಉಳಿದು ಪಕ್ಕದಲ್ಲಿ ಹೊಸ ಜೋಡಿ ಹುಟ್ಟಿದ್ದರೆ ಅದೇ ಕಾಣಬೇಕಿತ್ತು. ನಿಜದಲ್ಲಿ ಕಂಡದ್ದು ಒಂದೇ ಪಟ್ಟಿ, ಎರಡರ ನಟ್ಟನಡುವೆ. ಅಳೆದು ನೋಡಿದಾಗ ದೂರದ ಶೇಕಡಾ 50ರಲ್ಲಿ, ಆಚೀಚೆ 2ರಷ್ಟು ಮಾತ್ರ ಅನುಮಾನ. ನಾನಾದರೆ ‘ಅಣುವಿಗೊಂದು ಹಳೆ ಎಳೆ’ ಎಂದು ಪಕ್ಕದಲ್ಲೇ ಬರೆಯುತ್ತೇನೆ.

ನಡುವಿನ ಪಟ್ಟಿ ಮೂರನೇ ತಲೆಮಾರಿನಲ್ಲಿ ಹೋಗುವುದಿಲ್ಲ. ಎಂದೂ ಹೋಗುವುದಿಲ್ಲ. ಶುರುವಿನಲ್ಲಿದ್ದ ಪ್ರತಿ ಭಾರದ ಅಣುವಿನ ಎರಡು ಎಳೆಗಳು ಎರಡು ಮಿಶ್ರ ಅಣುಗಳಲ್ಲಿ ಕೂತಿರುತ್ತವೆ. ಸುತ್ತಲಿನ ಹಗುರ ಅಣುಗಳು ಹೆಚ್ಚಾಗುವುದರಿಂದ ಆ ಪಟ್ಟಿ ಮಸುಕಾಗುತ್ತದೆ, ಅಷ್ಟೇ.

ಶಿರಸಿಯಿಂದ

ನಾನು ವಿಜ್ಞಾನ ಓದಿದವನಲ್ಲ, ತೋಟ ಮತ್ತು ಕೊಟ್ಟಿಗೆ ನೋಡಿಕೊಂಡು ಇರುವವನು. ನಡುವಿನ ಪಟ್ಟಿಗೆ ‘ಮಿಶ್ರತಳಿ’ ಅನ್ನಿ. ಎಲ್ಲರಿಗೂ ಗೊತ್ತಿರುವ ಪದ. ನಮ್ಮ ಮಲೆನಾಡು ಗಿಡ್ಡಕ್ಕೆ ಜೆರ್ಸಿ ಕೊಡಿಸಿದಾಗ ಹುಟ್ಟುವ ಕರು ಅರ್ಧ ಗಿಡ್ಡ, ಅರ್ಧ ಜೆರ್ಸಿ. ಆ ಕರುವಿಗೆ ಮತ್ತೆ ಜೆರ್ಸಿ ಕೊಡಿಸಿದರೆ ಗಿಡ್ಡದ ಪಾಲು ಕಾಲು, ಆಮೇಲೆ ಅರೆಕಾಲು. ನಮ್ಮ ಮನೆಯಲ್ಲಿ ಹಾಗೆ ಮಾಡಿ ಕೊನೆಗೆ ಮಳೆಗಾಲಕ್ಕೆ ಬಾಳದ ದನ ಉಳಿದವು. ಗಿಡ್ಡದ ತಳಿ ಉಳಿಸಿಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತೇನೆ.

ಅಂದ ಹಾಗೆ ಭಾರ ನೈಟ್ರೋಜನ್ ಅಂದರೆ ಯೂರಿಯಾ ಜಾಸ್ತಿ ಹಾಕುವುದಾ?

ಕಾರವಾರದಿಂದ

ಯೂರಿಯಾ ಎಷ್ಟು ಹಾಕಿದರೂ ಸಾಮಾನ್ಯ ನೈಟ್ರೋಜನ್ ಭಾರವಾಗುವುದಿಲ್ಲ. ಈ ಪ್ರಯೋಗದಲ್ಲಿ ಬ್ಯಾಕ್ಟೀರಿಯಾಕ್ಕೆ ಬೇರೆ ಯಾವ ನೈಟ್ರೋಜನ್ನೂ ಸಿಗದಂತೆ, ನೈಟ್ರೋಜನ್-15 ಇರುವ ಅಮೋನಿಯಂ ಕ್ಲೋರೈಡ್ ಮಾತ್ರ ಕೊಟ್ಟು 14 ತಲೆಮಾರು ಬೆಳೆಸಿದ್ದರು.

ಆದರೆ ನಿಮ್ಮ ದನದ ಉದಾಹರಣೆ ತುಂಬಾ ಉಪಯೋಗದ್ದು. ‘ಮಿಶ್ರತಳಿ’ ಪದ ಇಲ್ಲಿ ಯಾಕೆ ಸಲ್ಲದು ಎಂದು ಅದೇ ತೋರಿಸುತ್ತದೆ. ದನದಲ್ಲಿ ಅರ್ಧ, ಕಾಲು, ಅರೆಕಾಲು ಎಂದು ಪಾಲು ಕರಗುತ್ತಾ ಹೋಗುತ್ತದೆ. ಡಿಎನ್‌ಎಯಲ್ಲೂ ಹಾಗೇ ಇರಬಹುದು ಎಂಬ ಊಹೆ ಆಗ ಇತ್ತು. ಹಳೆಯ ಎಳೆಗಳು ತುಂಡಾಗಿ ಹೊಸದರ ಜೊತೆ ಬೆರೆತು ಎಲ್ಲ ಅಣುಗಳಿಗೂ ಹಂಚಿಹೋಗುತ್ತವೆ ಎಂಬ ಊಹೆ. ಅದು ನಿಜವಾಗಿದ್ದರೂ ಮೊದಲ ತಲೆಮಾರಿನಲ್ಲಿ ಒಂದೇ ನಡುಪಟ್ಟಿ ಕಾಣುತ್ತಿತ್ತು. ಮೊದಲ ತಲೆಮಾರಿನ ಫೋಟೋ ಒಂದನ್ನೇ ನೋಡಿ ತೀರ್ಪು ಕೊಡಲಾಗದು, ಇದನ್ನು ಮಕ್ಕಳಿಗೆ ಒತ್ತಿ ಹೇಳಿ.

ಎರಡನೇ ತಲೆಮಾರಿನಲ್ಲಿ ದಾರಿ ಬೇರೆಯಾಗುತ್ತದೆ. ಹಂಚಿಹೋಗುವುದಾದರೆ ಆಗಲೂ ಒಂದೇ ಪಟ್ಟಿ ಇದ್ದು, ಅದು ಹಗುರದ ಕಡೆಗೆ ಜರುಗಿ ಕಾಲು ಭಾಗದಲ್ಲಿ ನಿಲ್ಲಬೇಕು. ಆಮೇಲೆ ಅರೆಕಾಲಿನಲ್ಲಿ. ಫೋಟೋದಲ್ಲಿ ಕಂಡದ್ದು ಎರಡು ಪಟ್ಟಿ. ನಡುವಿನದು ಇದ್ದ ಜಾಗದಿಂದ ಅಲುಗಲಿಲ್ಲ, ಹಗುರದ ಜಾಗದಲ್ಲಿ ಹೊಸದೊಂದು ಮೂಡಿತು. ನಡುವಿನ ಪಟ್ಟಿ ಜರುಗುತ್ತದೋ, ಇದ್ದಲ್ಲೇ ಮಸುಕಾಗುತ್ತದೋ ಅನ್ನುವುದೇ ನೋಡಬೇಕಾದ ವಿಷಯ. ‘ಮಿಶ್ರತಳಿ’ ಅಂದರೆ ಮಕ್ಕಳು ಜರುಗಿಸಿಯೇ ಬಿಡಿಸುತ್ತಾರೆ.

ಹೊನ್ನಾವರದಿಂದ

‘ಮಿಶ್ರತಳಿ’ ಬಿಟ್ಟೆ. ‘ನಡುಪಟ್ಟಿ’ ಎಂದೇ ಬರೆಯುತ್ತೇನೆ, ಜಾಗ ಹೇಳಿದರೆ ಸಾಕು.

ಒಬ್ಬ ಹುಡುಗಿ ಕೇಳಿದ ಪ್ರಶ್ನೆ ಇದೆ. ತಲೆಮಾರು ಅಂದರೆ ಎಲ್ಲ ಜೀವಕೋಶಗಳೂ ಒಟ್ಟಿಗೇ ಒಡೆಯುತ್ತವೆಯಾ? ಇಲ್ಲವಾದರೆ ಮುಕ್ಕಾಲು ದಾರಿಯಲ್ಲಿ ತೆಗೆದ ಫೋಟೋದಲ್ಲಿ ಪಟ್ಟಿ ಭಾರಕ್ಕೂ ನಡುವಿಗೂ ಮಧ್ಯೆ ಎಲ್ಲೋ ನಿಲ್ಲಬೇಕಲ್ಲವೇ?

ಕಾರವಾರದಿಂದ

ಒಟ್ಟಿಗೆ ಒಡೆಯುವುದಿಲ್ಲ. ಇಲ್ಲಿ ತಲೆಮಾರು ಅಂದರೆ ಜೀವಕೋಶಗಳ ಸಂಖ್ಯೆ ಎರಡರಷ್ಟಾಗಲು ಬೇಕಾದ ಸಮಯ. ಬೆಳೆಯುತ್ತಿದ್ದ ಬ್ಯಾಕ್ಟೀರಿಯಾಕ್ಕೆ ಇದ್ದಕ್ಕಿದ್ದಂತೆ ಹತ್ತು ಪಟ್ಟು ಹಗುರ ಅಮೋನಿಯಂ ಕ್ಲೋರೈಡ್ ಸುರಿದು, ಆಗಾಗ ಸ್ವಲ್ಪ ಸ್ವಲ್ಪ ತೆಗೆದು ನೋಡಿದರು. ಹಗುರದ್ದು ಅಷ್ಟು ಹೆಚ್ಚು ಇರಲೇಬೇಕು. ಕಡಿಮೆಯಾದರೆ ಹೊಸ ಎಳೆಗೂ ಭಾರದ ನೈಟ್ರೋಜನ್ ಸೇರಿ, ಹಗುರ ಪಟ್ಟಿ ತನ್ನ ಜಾಗ ಬಿಟ್ಟು ಭಾರದ ಕಡೆಗೆ ವಾಲುತ್ತದೆ.

0.7 ತಲೆಮಾರಿನಲ್ಲೂ ಅವರದ್ದೊಂದು ಫೋಟೋ ಇದೆ. ಲೆಕ್ಕ ಹಾಕೋಣ. ಶುರುವಿನಲ್ಲಿ 100 ಭಾರದ ಅಣು. 2ರ ಘಾತ 0.7 ಅಂದರೆ ಸುಮಾರು 1.62, ಅಂದರೆ ಈಗ 162 ಅಣು. ಒಂದು ಭಾರದ ಅಣು ನಕಲಾದರೆ ಎಣಿಕೆ ಒಂದು ಹೆಚ್ಚುತ್ತದೆ. 62 ಹೆಚ್ಚಾಗಿದೆ, ಹಾಗಾದರೆ 62 ಅಣು ನಕಲಾಗಿ 124 ಮಿಶ್ರ ಆಗಿವೆ. ಉಳಿದ ಭಾರದವು 38. ಅಂದರೆ ಸುಮಾರು ಶೇಕಡಾ 77 ನಡುಪಟ್ಟಿಯಲ್ಲಿ, 23 ಭಾರದ ಪಟ್ಟಿಯಲ್ಲಿ. ಎರಡು ಪಟ್ಟಿ, ಎರಡೂ ತಮ್ಮ ಜಾಗದಲ್ಲೇ.

ಇದೇ ಲೆಕ್ಕ ಮುಂದುವರಿಸಿದರೆ 1.0ರಲ್ಲಿ 200 ಮಿಶ್ರ ಅಣು. ಅಲ್ಲಿಂದ ಮುಂದೆ ಮಿಶ್ರದ ಎಣಿಕೆ 200ರಲ್ಲೇ ನಿಲ್ಲುತ್ತದೆ. 1.9ಕ್ಕೆ ಒಟ್ಟು 373, ಅದರಲ್ಲಿ ಹಗುರ 173. ಎರಡು ಪಟ್ಟಿ ಹೆಚ್ಚುಕಡಿಮೆ ಸಮ. 4.1ಕ್ಕೆ ಒಟ್ಟು ಸುಮಾರು 1,715. ಆಗಲೂ ಅದೇ 200 ಮಿಶ್ರ, ಶೇಕಡಾ 12ರ ಹತ್ತಿರ. ಮಸುಕು, ಆದರೆ ಇದೆ.

ಹುಡುಗಿಯ ಅನುಮಾನದಲ್ಲಿ ಇನ್ನೊಂದು ಒಳ್ಳೆಯ ಪ್ರಶ್ನೆ ಅಡಗಿದೆ. ಅರ್ಧ ನಕಲಾದ ಕ್ರೋಮೋಸೋಮಿನ ಸಾಂದ್ರತೆ ಎರಡರ ನಡುವೆ ಎಲ್ಲೋ ಇರಬೇಕು, ನಿಜ. ಆದರೆ ಡಿಎನ್‌ಎ ಹೊರತೆಗೆಯುವಾಗಲೇ ಅದು ತುಂಡು ತುಂಡಾಗುತ್ತದೆ. ನಕಲಾಗುತ್ತಿರುವ ಕವಲು ಇರುವುದು ಎಲ್ಲೋ ಒಂದೆರಡು ತುಂಡುಗಳಲ್ಲಿ. ಉಳಿದವು ಒಂದೋ ಪೂರ್ತಿ ನಕಲಾದವು, ಇಲ್ಲವೇ ಆಗದವು. ಪಟ್ಟಿಗಳ ನಡುವಿನ ಜಾಗ ಖಾಲಿ ಕಾಣುವುದು ಇದರಿಂದ.

ಅಂಕೋಲಾದಿಂದ

ಲೆಕ್ಕ ಒಪ್ಪಿದೆ. ಆದರೆ ನೀವು ‘ಅಣುವಿಗೊಂದು ಹಳೆ ಎಳೆ’ ಅಂದಿರಿ. ಫೋಟೋ ತೋರಿಸುವುದು ಎರಡು ಸಮ ಭಾಗ ಇದೆ ಎಂದು ಮಾತ್ರ. ಆ ಭಾಗವೇ ಒಂದು ಎಳೆ ಎಂದು ಹೇಗೆ ಹೇಳುತ್ತೀರಿ?

ಕಾರವಾರದಿಂದ

ಇದು ಸರಿಯಾದ ಪ್ರಶ್ನೆ ಸರ್. ಮೆಸೆಲ್ಸನ್ ಮತ್ತು ಸ್ಟಾಲ್ ಕೂಡ ‘ಎಳೆ’ ಅನ್ನದೆ ‘ಉಪಘಟಕ’ ಎಂಬ ಅರ್ಥದ ಮಾತನ್ನೇ ಬಳಸಿದರು. ಮಿಶ್ರ ಅಣುವನ್ನು 100 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದಾಗ ಅದು ಭಾರ ಮತ್ತು ಹಗುರ ಎಂದು ಎರಡಾಗಿ ಬೇರ್ಪಟ್ಟಿತು. ಭಾರ ಮತ್ತು ಹಗುರ ಭಾಗಗಳು ತುಂಡುತುಂಡಾಗಿ ಬೆರೆತಿಲ್ಲ ಎಂದು ಅದರಿಂದ ಗೊತ್ತಾಯಿತು. ಆ ಭಾಗವೇ ಒಂಟಿ ಎಳೆ ಎಂದು ಬೇರೆ ಪ್ರಯೋಗಗಳಿಂದ ಆಮೇಲೆ ಗಟ್ಟಿಯಾಯಿತು. ಈಗ ಗೊತ್ತಿರುವ ವಿಷಯವಾದ್ದರಿಂದ ಪಿಯು ಟಿಪ್ಪಣಿಯಲ್ಲಿ ‘ಎಳೆ’ ಸಾಕು ಎಂದು ನನ್ನ ಅಭಿಪ್ರಾಯ.

ಅಂಕೋಲಾದಿಂದ

ಪ್ರಯೋಗ ವಿವರಿಸುವ ಪುಟದಲ್ಲಿ ‘ಭಾಗ’, ಫಲಿತಾಂಶ ಹೇಳುವ ಪುಟದಲ್ಲಿ ‘ಎಳೆ’ ಎಂದು ಬರೆದರೆ ಒಳ್ಳೆಯದು ಅನ್ನುತ್ತೇನೆ ನಾನು.

ಹೊನ್ನಾವರದಿಂದ

ಒಂದೇ ವಸ್ತುವಿಗೆ ಎರಡು ಪದ ಬಂದರೆ ನಮ್ಮ ಮಕ್ಕಳು ಎರಡು ವಸ್ತು ಅಂದುಕೊಳ್ಳುತ್ತಾರೆ ಎಂಬ ಹೆದರಿಕೆ ನನಗೆ. ಎರಡೂ ರೀತಿ ಬರೆದು, ಎರಡು ವಿಭಾಗಗಳಿಗೆ ಒಂದೊಂದು ಕೊಟ್ಟು, 0.7 ತಲೆಮಾರಿನ ಚಿತ್ರ ಬಿಡಿಸಲು ಹೇಳುತ್ತೇನೆ. ಯಾವುದರಲ್ಲಿ ಪಟ್ಟಿ ಜರುಗಿತು ಎಂದು ನೋಡಿ ಇಲ್ಲೇ ತಿಳಿಸುತ್ತೇನೆ. ಶಿರಸಿಯಲ್ಲಿ ಯಾರಾದರೂ ಪಿಯು ಕಲಿಸುವವರಿದ್ದರೆ ಅಲ್ಲೂ ಕೇಳಿ ನೋಡಿ.